ಸ್ವಾನುಭವವಿಲ್ಲದ ಲೇಖಕನೂ ಪುನರ್ಲೇಖನದ ಪ್ರಶ್ನೆಗಳೂ



ಒಂದು ಲೇಖನವು ಸಾಮಾನ್ಯೋಕ್ತಿಗಳಿಂದ ತುಂಬಿ ನಿಸ್ಸಾರವಾಗಿದೆಯೆಂದು ಕಂಡಾಗ, ಅದನ್ನು ತಿದ್ದಲು ಕುಳಿತ ಹಿರಿಯರು ಲೇಖಕನಿಗೆ ಸಾಧಾರಣವಾಗಿ ಹೇಳುವ ಮೊದಲ ಮಾತು, “ನಿಮ್ಮ ಅನುಭವವನ್ನು ಬರೆಯಿರಿ” ಎಂಬುದು. ಅನುಭವವಿದ್ದವನಿಗೆ ಈ ಸಲಹೆ ಹಿತವೇ ಸರಿ. ಆದರೆ ತಾನು ಕಾಣದ, ಮುಟ್ಟದ, ಬಾಳದ ವಿಷಯವನ್ನು ಕುರಿತು ಬರೆಯಬೇಕಾದವನು ಏನು ಮಾಡಬೇಕು? ಪಠ್ಯಪುಸ್ತಕಗಳ ಕರ್ತೃಗಳು, ಪತ್ರಿಕೆಗಳ ಉಪಸಂಪಾದಕರು, ಇಲಾಖೆಗಳ ವರದಿಕಾರರು, ವಿಶ್ವಕೋಶದ ಲೇಖಕರು ಇವರೆಲ್ಲರೂ ಬಹುಪಾಲು ಈ ಸ್ಥಿತಿಯಲ್ಲಿಯೇ ಇರತಕ್ಕವರು. ಅವರಿಗೆ ಅನುಭವವನ್ನು ಬರೆಯಿರೆಂದರೆ ಎರಡೇ ದಾರಿ ಉಳಿಯುತ್ತವೆ. ಒಂದು, ಸಾಮಾನ್ಯೋಕ್ತಿಯಲ್ಲಿಯೇ ನಿಲ್ಲುವುದು. ಇನ್ನೊಂದು, ಇಲ್ಲದ ಅಜ್ಜಿಯೊಬ್ಬಳನ್ನು ಸೃಷ್ಟಿಸಿ ಅವಳ ಬಾಯಿಂದ ಊರಿನ ಕಥೆಯನ್ನು ಹೇಳಿಸುವುದು. ನಮ್ಮ ಲೇಖನಗಳಲ್ಲಿ ಈ ಅಜ್ಜಿಯರ ಸಂಖ್ಯೆ ಹೆಚ್ಚುತ್ತಿರುವುದನ್ನು ತಾವೂ ಗಮನಿಸಿರಬಹುದು. ಇವೆರಡನ್ನೂ ಬಿಟ್ಟು ಮೂರನೆಯದೊಂದು ದಾರಿಯಿದೆಯೆಂಬುದೂ, ಅದು ವಿಷಯವನ್ನೇ ಪ್ರಶ್ನಿಸುವ ದಾರಿಯೆಂಬುದೂ, ಆ ಪ್ರಶ್ನೆಗಳಿಗೆ ಒಂದು ಕ್ರಮವಿದೆಯೆಂಬುದೂ ಈ ಉಪನ್ಯಾಸದ ಪ್ರತಿಪಾದ್ಯ.

ನಮ್ಮ ಅಲಂಕಾರಶಾಸ್ತ್ರವು ಈ ತೊಡಕನ್ನು ಬಹುಹಿಂದೆಯೇ ಕಂಡಿತ್ತು. ವಸ್ತುವಿಗೆ ಸಾಮಾನ್ಯವೆಂದೂ ವಿಶೇಷವೆಂದೂ ಎರಡು ರೂಪಗಳುಂಟು. ಸಾಮಾನ್ಯವು ಎಲ್ಲರ ಮಾತಿಗೂ ಎಟುಕತಕ್ಕದ್ದು, ವಿಶೇಷವು ಪ್ರತ್ಯಕ್ಷಕ್ಕೆ ಗೋಚರವಾಗತಕ್ಕದ್ದು, ಸತ್ಕವಿಯ ವಾಣಿಗೂ ಅದೇ ವಿಷಯ, ಎಂಬ ಅಭಿಪ್ರಾಯವನ್ನು ಕಾಶ್ಮೀರದ ಮಹಿಮಭಟ್ಟನು ಸ್ವಭಾವೋಕ್ತಿಯ ಪ್ರಸಂಗದಲ್ಲಿ ವ್ಯಕ್ತಪಡಿಸಿದ್ದಾನೆ. ಪ್ರತಿಭೆಯುಳ್ಳ ಕವಿ ಕಾಣದುದನ್ನೂ ಕಂಡಂತೆ ಹೇಳಬಲ್ಲನು. ಗದ್ಯಲೇಖಕನಿಗೆ, ಅದರಲ್ಲಿಯೂ ಸತ್ಯಕ್ಕೆ ಕಟ್ಟುಬಿದ್ದ ಗದ್ಯಲೇಖಕನಿಗೆ, ಆ ಸ್ವಾತಂತ್ರ್ಯವಿಲ್ಲ. ಆದರೆ ಪ್ರತ್ಯಕ್ಷವೊಂದೇ ಪ್ರಮಾಣವೆಂದು ಹೇಳಿದವರು ಚಾರ್ವಾಕರು ಮಾತ್ರ. ನೈಯಾಯಿಕರು ಅನುಮಾನವನ್ನೂ ಆಪ್ತರ ಶಬ್ದವನ್ನೂ ಪ್ರಮಾಣಗಳ ಸಾಲಿನಲ್ಲಿ ಸೇರಿಸಿದರು. ತಾನು ನೋಡದ ಕೆರೆಯ ವಿಷಯವಾಗಿ ಬರೆಯುವವನಿಗೆ ಶಾಸನವುಂಟು, ಗ್ಯಾಸೆಟಿಯರ್ ಉಂಟು, ಇಂಜಿನಿಯರನ ಕೈಪಿಡಿಯುಂಟು. ಮಣ್ಣು, ನೀರು, ಇಳಿಜಾರುಗಳ ಧರ್ಮದಿಂದ ಊಹಿಸಿ ತಿಳಿಯಬಹುದಾದುದೂ ಉಂಟು. ಅವನಲ್ಲಿ ಇಲ್ಲದಿರುವುದು ಇವುಗಳ ಬಾಯಿ ಬಿಡಿಸುವ ಪ್ರಶ್ನೆ.

ಕೆರೆಯ ಮಾತೆತ್ತಿದುದು ಆಕಸ್ಮಿಕವಲ್ಲ. ನಿದರ್ಶನಕ್ಕಾಗಿ ಅದನ್ನೇ ಹಿಡಿಯೋಣ. ಯಾವ ಶಾಲೆಯ ಪ್ರಬಂಧಸ್ಪರ್ಧೆಯಲ್ಲಿಯೂ, ಯಾವ ಸ್ಮರಣಸಂಚಿಕೆಯಲ್ಲಿಯೂ ಕಾಣಬಹುದಾದ ಒಂದು ವಾಕ್ಯಸಮೂಹ ಹೀಗಿದೆಯೆಂದು ಇಟ್ಟುಕೊಳ್ಳೋಣ: “ನಮ್ಮ ಪೂರ್ವಿಕರು ಕೆರೆಗಳನ್ನು ಕಟ್ಟಿಸಿ ನೀರನ್ನು ಸಂರಕ್ಷಿಸುತ್ತಿದ್ದರು. ಕೆರೆಯು ಗ್ರಾಮದ ಜೀವನಾಡಿಯಾಗಿತ್ತು. ಇಂದು ನಮ್ಮ ನಿರ್ಲಕ್ಷ್ಯದಿಂದ ಕೆರೆಗಳು ನಾಶವಾಗುತ್ತಿವೆ. ಅವುಗಳನ್ನು ರಕ್ಷಿಸುವುದು ನಮ್ಮೆಲ್ಲರ ಕರ್ತವ್ಯವಾಗಿದೆ.” ಇದರಲ್ಲಿ ವ್ಯಾಕರಣದೋಷವಿಲ್ಲ, ಸುಳ್ಳೆಂದು ತೋರಿಸಬಹುದಾದ ಮಾತೂ ಇಲ್ಲ. ಕೆರೆಗಳೆಂಬಲ್ಲಿ ಕಾಡುಗಳೆಂದೂ, ನೀರೆಂಬಲ್ಲಿ ಮಳೆಯೆಂದೂ ಬದಲಾಯಿಸಿದರೆ ವನಮಹೋತ್ಸವದ ಭಾಷಣವಾಗಿ ಹೋಗುತ್ತದೆ ಎಂಬುದೇ ಇದರ ದೋಷ. ಇದನ್ನು ಬರೆದವನಿಗೆ ಕೆರೆಯ ಬಾಲ್ಯಸ್ಮೃತಿ ಯಾವುದೂ ಇಲ್ಲವೆಂದೂ, ನಗರದಲ್ಲಿಯೇ ಹುಟ್ಟಿ ಬೆಳೆದವನೆಂದೂ ಭಾವಿಸೋಣ.

ಮೊದಲನೆಯದಾಗಿ ಕೇಳತಕ್ಕದ್ದು ಕ್ರಿಯಾಪದವನ್ನು. ನಾಮಪದವನ್ನು ಮೊದಲು ಹಿಡಿದವನು ವಿಶೇಷಣಗಳನ್ನು ಅಂಟಿಸಲು ತೊಡಗುತ್ತಾನೆ. ಕೆರೆ ವಿಶಾಲವಾದ ಕೆರೆಯಾಗುತ್ತದೆ, ಪೂರ್ವಿಕರು ದೂರದರ್ಶಿಗಳಾದ ಪೂರ್ವಿಕರಾಗುತ್ತಾರೆ, ವಾಕ್ಯ ಉದ್ದವಾಗುತ್ತದೆಯೇ ಹೊರತು ಖಚಿತವಾಗುವುದಿಲ್ಲ. ಕ್ರಿಯಾಪದವಾದರೋ ತನ್ನ ಕಾರಕಗಳನ್ನು ತಾನೇ ಬೇಡುತ್ತದೆ. ನಾವೆಲ್ಲರೂ ಬಾಲ್ಯದಲ್ಲಿ ಉರುಹೊಡೆದ ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಪಾದಾನ, ಅಧಿಕರಣಗಳೆಂಬ ಆರೂ ಪರೀಕ್ಷೆಗಾಗಿ ಕಲಿತು ಮರೆತ ಸಂಜ್ಞೆಗಳಲ್ಲದೆ, ಯಾರು, ಏನನ್ನು, ಯಾವುದರಿಂದ, ಯಾರಿಗಾಗಿ, ಎಲ್ಲಿಂದ, ಎಲ್ಲಿ ಎಂಬ ಆರು ಪ್ರಶ್ನೆಗಳೂ ಆಗಿವೆ. ಗ್ರೀಕ್ ವಾಗ್ಮಿಶಾಸ್ತ್ರಕಾರರೂ ಇಂತಹುದೇ ಒಂದು ಪ್ರಶ್ನಾವಳಿಯನ್ನು ನ್ಯಾಯಸ್ಥಾನದ ವಾದಗಳಿಗಾಗಿ ಇಟ್ಟುಕೊಂಡಿದ್ದರು. ಆದರೆ ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ.

“ಕಟ್ಟಿಸಿ” ಎಂಬ ಒಂದು ಪದವನ್ನೇ ನೋಡಿ. ಅದು ಪ್ರೇರಣಾರ್ಥಕ ಕ್ರಿಯೆ. ಆದುದರಿಂದ ಅದಕ್ಕೆ ಇಬ್ಬರು ಕರ್ತೃಗಳು ಬೇಕು, ಕಟ್ಟಿಸಿದವನೊಬ್ಬ, ಕಟ್ಟಿದವನೊಬ್ಬ. ನಮ್ಮ ಮಾದರಿ ಲೇಖನವು ಮೊದಲನೆಯವನನ್ನು ಪೂರ್ವಿಕರೆಂಬ ಮಬ್ಬಿನಲ್ಲಿಟ್ಟು ಎರಡನೆಯವನನ್ನು ಮರೆತೇಬಿಟ್ಟಿದೆ. ಈಗ ಈ ಪ್ರಶ್ನೆಯನ್ನು ಹಿಡಿದು ಶಾಸನಸಂಪುಟಗಳ ಬಳಿಗೆ ಹೋದರೆ ಉತ್ತರ ದೊರೆಯುವುದು ಕಷ್ಟವಲ್ಲ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರನು ಇಂದಿನ ಆಂಧ್ರದ ಕಡಪ ಜಿಲ್ಲೆಗೆ ಸೇರಿದ ಪೋರುಮಾಮಿಳ್ಳದಲ್ಲಿ ಒಂದು ಕೆರೆಯನ್ನು ಕಟ್ಟಿಸಿ 1369ರಲ್ಲಿ ಹಾಕಿಸಿದ ಸಂಸ್ಕೃತ ಶಾಸನವು ಎಪಿಗ್ರಾಫಿಯಾ ಇಂಡಿಕಾದಲ್ಲಿ ಅಚ್ಚಾಗಿದೆ. ಕಟ್ಟಿದವರು ಎಷ್ಟು ಮಂದಿ ಎಂಬುದನ್ನು ಅದು ಹೇಳುತ್ತದೆ: ಪ್ರತಿದಿನವೂ ಸಾವಿರ ಆಳು. ಕರಣವನ್ನು ಹೇಳುತ್ತದೆ: ಕಲ್ಲು ಸಾಗಿಸಲು ನೂರು ಬಂಡಿ. ಕಾಲವನ್ನು ಹೇಳುತ್ತದೆ: ಎರಡು ವರ್ಷ. ಈ ಮೂರು ಅಂಕಿಗಳಲ್ಲಿ ಯಾವುದನ್ನೂ ನಮ್ಮ ಲೇಖಕನು ಕಣ್ಣಾರೆ ಕಂಡವನಲ್ಲ. ಹಾಗೆ ನೋಡಿದರೆ ಇಂದು ಬದುಕಿರುವ ಯಾರೂ ಕಂಡವರಲ್ಲ. ಆದರೂ “ಪೂರ್ವಿಕರು ಕಟ್ಟಿಸಿದರು” ಎಂಬ ಮಾತು ಈಗ ದಿನಗೂಲಿಯವರ ಗುಂಪಾಗಿ, ಎತ್ತಿನ ಬಂಡಿಗಳ ಸಾಲಾಗಿ ಕಣ್ಣಿಗೆ ಕಟ್ಟುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಶಾಸನದಲ್ಲಿ ಸಾವಿರ ಆಳಿದ್ದರೆಂದು ಓದಿದ ಲೇಖಕನು, ಅವರಲ್ಲೊಬ್ಬ ಮುದುಕನು ಏರಿಯ ಮೇಲೆ ಕುಳಿತು ಬೆವರೊರಸಿಕೊಂಡನೆಂದು ಬರೆಯಲು ಒಡನೆಯೇ ಆಸೆಪಡುತ್ತಾನೆ. ಸಾವಿರ ಜನರಲ್ಲಿ ಒಬ್ಬನಾದರೂ ಬೆವರೊರಸಿಕೊಂಡಿರಲೇಬೇಕಲ್ಲವೇ ಎಂದು ಅವನು ಕೇಳಬಹುದು. ಆದರೆ ವಸ್ತುವಿನ ರಚನೆಯಿಂದ ಅನಿವಾರ್ಯವಾಗಿ ಹೊರಡುವ ಅನುಮಾನ ಬೇರೆ, ಹೀಗಿದ್ದಿರಬಹುದೆಂಬ ಕಲ್ಪನೆ ಬೇರೆ. ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಏರಿ ಕೊಚ್ಚಿಹೋಗುತ್ತದೆಯೆಂಬುದು ಅನುಮಾನ. ಅದನ್ನು ಯಾವ ಕೆರೆಯ ವಿಷಯದಲ್ಲಿಯೂ ಧೈರ್ಯವಾಗಿ ಬರೆಯಬಹುದು. ಬೆವರೊರಸಿಕೊಂಡ ಮುದುಕನು ಆ ಸೃಷ್ಟಿಸಿದ ಅಜ್ಜಿಯ ತಮ್ಮ.

ಕಾರಕಗಳ ಪ್ರಶ್ನೆ ಮುಗಿದ ಮೇಲೆ ಕೇಳತಕ್ಕದ್ದು ಅಂಗಗಳ ಪ್ರಶ್ನೆ. “ಜೀವನಾಡಿ” ಎಂಬ ರೂಪಕವು ಪುನರ್ಲೇಖಕನಿಗೆ ಏನನ್ನೂ ಹೇಳುವುದಿಲ್ಲ. ಅದು ಪ್ರಶ್ನೆ ಹುಟ್ಟಬೇಕಾದ ಜಾಗದಲ್ಲಿ ಮುಚ್ಚಳವಾಗಿ ಕುಳಿತಿರುತ್ತದೆ. ಅದನ್ನು ಎತ್ತಿ ಕೆಳಗೆ ನೋಡಬೇಕು. ನೀರು ಎಲ್ಲಿಂದ ಬಂದು, ಯಾವ ಅಂಗದಲ್ಲಿ ನಿಂತು, ಯಾವ ಅಂಗದ ಮೂಲಕ ಹೊರಗೆ ಹೋಗುತ್ತಿತ್ತು? ಹೀಗೆ ಕೇಳಿದೊಡನೆ ಕೆರೆಯು ನೀರಿನ ಒಂದು ಹರವಾಗಿ ಉಳಿಯುವುದಿಲ್ಲ. ಎರಡು ದಿಣ್ಣೆಗಳ ನಡುವಣ ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಮಣ್ಣಿನ ಏರಿ, ಅಲೆಯ ಹೊಡೆತವನ್ನು ತಾಳಲು ಅದರ ಒಳಮೈಗೆ ಹೊದಿಸಿದ ಕಲ್ಲು, ಏರಿಯ ಬುಡದಲ್ಲಿ ಹಾಯ್ದು ಗದ್ದೆಗೆ ನೀರು ಬಿಡುವ ತೂಬು, ಏರಿಯ ಒಂದು ತುದಿಯಲ್ಲಿ ನೆತ್ತಿಗಿಂತ ಕೆಳಮಟ್ಟದಲ್ಲಿ ಬಿಟ್ಟ ಕೋಡಿ, ತೂಬಿನ ಕೆಳಗೆ ಹರಡಿದ ಅಚ್ಚುಕಟ್ಟು ಇವು ಒಂದೊಂದಾಗಿ ಬೇರ್ಪಟ್ಟು ನಿಲ್ಲುತ್ತವೆ. ಸಮಗ್ರಕ್ಕೆ ಅನ್ವಯಿಸಿ ಬರೆದ ವಾಕ್ಯವು ಅಂಗಕ್ಕೆ ಅನ್ವಯಿಸಿದಾಗ ತಾನಾಗಿಯೇ ಖಚಿತವಾಗುತ್ತದೆ. ಜೀವನಾಡಿ ಯಾವುದೆಂದರೆ ತೂಬು. ಮತ್ತು ಆ ತೂಬಿನ ಗೂಟವನ್ನು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹಾಯಬೇಕು ಎಂಬುದನ್ನು ನಡೆಸುತ್ತಿದ್ದವನು ನೀರುಗಂಟಿ. ಅವನಿಗೆ ಸಲ್ಲುತ್ತಿದ್ದುದು ಸುಗ್ಗಿಯಲ್ಲಿ ರೈತರು ಅಳೆದುಕೊಡುತ್ತಿದ್ದ ಆಯದ ಧಾನ್ಯ. ಎಲ್ಲ ಅಂಗಗಳನ್ನೂ ಲೇಖನದಲ್ಲಿ ತುಂಬಬೇಕಾಗಿಲ್ಲ. ತನ್ನ ವಾದಕ್ಕೆ ಬೇಕಾದ ಅಂಗ ಯಾವುದೆಂದು ಆರಿಸಲು ಎಲ್ಲವೂ ಒಮ್ಮೆ ಕಣ್ಣೆದುರಿಗೆ ಬರಬೇಕು, ಅಷ್ಟೆ.

ಈಗ ಮೂರನೆಯ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಫಲಪ್ರದವಾದುದು ಇದೇ: ಇದು ಕೆಡುವುದು ಹೇಗೆ, ಕೆಡುತ್ತಿದೆಯೆಂಬುದು ಮೊದಲು ಎಲ್ಲಿ ಕಾಣುತ್ತದೆ? ಒಂದು ವಸ್ತುವಿನ ಸುಸ್ಥಿತಿಯನ್ನು ವರ್ಣಿಸುವಾಗ ಎಲ್ಲ ಲೇಖಕರ ಭಾಷೆಯೂ ಒಂದೇ ಆಗಿಬಿಡುತ್ತದೆ. ಅದು ಕೆಡುವ ಬಗೆಯನ್ನು ಹೇಳಹೊರಟರೆ ವಸ್ತುವನ್ನು ತಿಳಿಯದೆ ಒಂದು ಮಾತನ್ನೂ ಆಡಲು ಬರುವುದಿಲ್ಲ. “ನಮ್ಮ ನಿರ್ಲಕ್ಷ್ಯದಿಂದ ಕೆರೆಗಳು ನಾಶವಾಗುತ್ತಿವೆ” ಎಂಬ ವಾಕ್ಯವನ್ನು ಈ ಪ್ರಶ್ನೆಗೆ ಒಡ್ಡಿ ನೋಡಿ. ನಿರ್ಲಕ್ಷ್ಯವು ಕೆರೆಯನ್ನು ಮುಟ್ಟುವುದು ಯಾವ ಅಂಗದ ಮೂಲಕ? ಉತ್ತರ ಒಂದಲ್ಲ. ಹೂಳು ತುಂಬಿದರೆ ಕೆರೆಯ ಹೊಟ್ಟೆ ಕಿರಿದಾಗುತ್ತದೆ. ಅದೇ ಮಳೆಗೆ ಮೊದಲಿಗಿಂತ ಬೇಗ ಕೋಡಿ ಬೀಳುತ್ತದೆ. ಆದ್ದರಿಂದ ಕೋಡಿ ಬಿದ್ದಿತೆಂದು ಊರು ಸಂಭ್ರಮಿಸುವ ವರ್ಷವೂ ಕೆರೆ ಬಡವಾಗುತ್ತಿರುವ ವರ್ಷವಾಗಿರಬಹುದು. ಹೆಚ್ಚು ನೀರು ನಿಲ್ಲಲೆಂದು ಕೋಡಿಯ ಮೇಲೆ ಕಲ್ಲು, ಮಣ್ಣು ಪೇರಿಸಿದರೆ ಮುಂದಿನ ದೊಡ್ಡ ಮಳೆಗೆ ನೀರು ಏರಿಯ ನೆತ್ತಿಯನ್ನೇ ಹತ್ತುತ್ತದೆ, ಏರಿ ಒಡೆಯುತ್ತದೆ, ಒಂದರ ಕೆಳಗೊಂದು ಸರಪಳಿಯಾಗಿರುವ ಕೆರೆಗಳಲ್ಲಿ ಮೇಲಿನದು ಒಡೆದರೆ ಆ ನೀರೆಲ್ಲವೂ ಕೆಳಗಿನದರ ಮೇಲೆ ಬರುತ್ತದೆ. ಇಲ್ಲಿ ನಾಶಕ್ಕೆ ಕಾರಣವಾದುದು ನಿರ್ಲಕ್ಷ್ಯವಲ್ಲ, ಅತಿಯಾಸೆ. ಲೇಖಕನು ನಂಬಿ ಬರೆದ ಕಾರಣವೇ ಈ ಪ್ರಶ್ನೆಯ ಮುಂದೆ ನಿಲ್ಲಲಾರದೆ ಹೋಯಿತೆಂಬುದನ್ನು ತಾವು ಗಮನಿಸಬೇಕು.

ಇನ್ನು ಮೊದಲ ಚಿಹ್ನೆಯ ವಿಚಾರ. ಏರಿಯ ಹೊರಬುಡದಲ್ಲಿ ನೀರು ಜಿನುಗುವುದು ಮಣ್ಣಿನ ಕಟ್ಟೆಗಳಲ್ಲಿ ಅಪರೂಪವಲ್ಲ. ಆ ಜಿನುಗು ತಿಳಿಯಾಗಿದೆಯೋ ಬಗ್ಗಡವಾಗಿದೆಯೋ ಎಂಬುದನ್ನು ಬಲ್ಲವರು ನೋಡುತ್ತಾರೆ. ತಿಳಿಯಾದ ನೀರು ಮಣ್ಣಿನ ಕಣಗಳ ನಡುವೆ ಸೋಸಿ ಬರುತ್ತಿದೆ. ಅದರ ಮೇಲೆ ಕಣ್ಣಿಟ್ಟರೆ ಸಾಕು. ಬಗ್ಗಡವಾದ ನೀರು ಏರಿಯ ಒಳಗಿನ ಮಣ್ಣನ್ನೇ ಹೊತ್ತು ತರುತ್ತಿದೆ. ಇಲಿಯ ಬಿಲ, ಕೊಳೆತ ಬೇರಿನ ಟೊಳ್ಳು, ತೂಬಿನ ಕಟ್ಟಡ ಮಣ್ಣನ್ನು ಸೇರುವ ಸಂದು, ಇಂತಹ ಯಾವುದೋ ಒಂದು ದಾರಿ ಒಳಗೆ ಅಗಲವಾಗುತ್ತಿದೆ. ಏರಿಯ ಮೇಲೆ ನಿಂತವನಿಗೆ ಆಗ ಕೆರೆ ಎಂದಿನಂತೆಯೇ ಕಾಣುತ್ತದೆ. ಇದನ್ನು ಬರೆಯಲು ಲೇಖಕನು ಏರಿಯ ಬುಡದಲ್ಲಿ ನಿಂತಿರಬೇಕಾಗಿಲ್ಲ, ಇಂಜಿನಿಯರನನ್ನೋ ಹಳೆಯ ನೀರುಗಂಟಿಯನ್ನೋ ಕಂಡು, “ಕೆರೆಯ ಮಹತ್ತ್ವವೇನು?” ಎಂದು ಕೇಳುವ ಬದಲು “ಏರಿ ಒಡೆಯುವ ಮುನ್ನ ನೀವು ಏನನ್ನು ನೋಡುತ್ತೀರಿ?” ಎಂದು ಕೇಳಿದ್ದರೆ ಸಾಕು. ಮೊದಲ ಪ್ರಶ್ನೆಗೆ ಅವರೂ ಜೀವನಾಡಿಯೆಂದೇ ಹೇಳಿ ಕಳುಹಿಸುತ್ತಾರೆ.

ಪೋರುಮಾಮಿಳ್ಳದ ಶಾಸನಕಾರನಿಗೂ ಈ ಪ್ರಶ್ನೆ ತಿಳಿದಿತ್ತು. ಅವನು ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಹೇಳಿದ ಮೇಲೆ ಆರು ದೋಷಗಳನ್ನೂ ಎಣಿಸುತ್ತಾನೆ. ಏರಿಯಿಂದ ನೀರು ಸೋರುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಬೀಳುವುದು, ಕೆರೆಯಂಗಳದ ನಡುವೆ ದಿಬ್ಬವಿರುವುದು, ನೀರು ಕಡಮೆಯಾಗಿ ನೆಲ ಹೆಚ್ಚಾಗುವುದು, ನೆಲ ಕಡಮೆಯಾಗಿ ನೀರು ಹೆಚ್ಚಾಗುವುದು. ಇವುಗಳಲ್ಲಿ ಮೂರನೆಯದು ನನ್ನನ್ನು ಬಹಳವಾಗಿ ಆಕರ್ಷಿಸುತ್ತದೆ. ಉಳಿದ ಐದೂ ಮಣ್ಣಿನ, ನೀರಿನ ದೋಷಗಳು. ಇದೊಂದು ರಾಜಕೀಯದ ದೋಷ. ನೀರು ನಿಲ್ಲುವುದು ಒಬ್ಬನ ಸೀಮೆಯಲ್ಲಿ, ಹಾಯುವುದು ಇನ್ನೊಬ್ಬನ ಸೀಮೆಯಲ್ಲಿ ಆದರೆ ಏರಿ ಎಷ್ಟು ಗಟ್ಟಿಯಾಗಿದ್ದರೂ ಕೆರೆ ಬಾಳುವುದಿಲ್ಲವೆಂದು 1369ರಲ್ಲಿಯೇ ಕಲ್ಲಿನಲ್ಲಿ ಬರೆದಿಟ್ಟರು. ಕಾವೇರೀ ನೀರಿನ ವ್ಯಾಜ್ಯವನ್ನು ಕಂಡ ನಮಗೆ ಇದಕ್ಕೆ ವ್ಯಾಖ್ಯಾನ ಬೇಕಾಗಿಲ್ಲ.

ನಾಲ್ಕನೆಯ ಪ್ರಶ್ನೆಯನ್ನು ಸಂಕ್ಷೇಪವಾಗಿ ಹೇಳಬಹುದು: ಈ ಮಾತು ಎಲ್ಲಿ ನಿಜವಲ್ಲ? ಕೆರೆ ಗ್ರಾಮದ ಜೀವನಾಡಿಯೆಂಬುದು ಬಯಲುಸೀಮೆಗೆ ಒಪ್ಪುತ್ತದೆ. ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಕರಾವಳಿಯ ಕೃಷಿಯು ಹಾಗೆ ಕೆರೆಯನ್ನು ಆಶ್ರಯಿಸಿ ನಿಂತುದಲ್ಲ. ಬಯಲುಸೀಮೆಯಲ್ಲಿಯೂ ಏರಿಯ ಕೆಳಗೆ ಗದ್ದೆಯಿದ್ದವನಿಗೂ ಮೇಲೆ ಹೊಲವಿದ್ದವನಿಗೂ ಕೆರೆ ಒಂದೇ ಆಗಿರಲಿಲ್ಲ. ಮಿತಿಯನ್ನು ಹೇಳಿದರೆ ವಾಕ್ಯದ ಬಲ ಕುಂದುತ್ತದೆಯೆಂದು ಹಲವರು ಹೆದರುತ್ತಾರೆ. ವಾಸ್ತವವಾಗಿ ಓದುಗನು ಲೇಖಕನನ್ನು ನಂಬಲು ತೊಡಗುವುದು ಈ ಮಿತಿಯ ವಾಕ್ಯದಿಂದಲೇ.

ಈ ಪ್ರಶ್ನೆಗಳಿಗೆ ತಮ್ಮದೇ ಆದ ಅಪಾಯವೂ ಉಂಟು. ಉತ್ತರಗಳು ದೊರೆತ ಸಂತೋಷದಲ್ಲಿ ಲೇಖಕನು ದೊರೆತುದೆಲ್ಲವನ್ನೂ ಸುರಿದುಬಿಡುತ್ತಾನೆ. ಸಾಮಾನ್ಯೋಕ್ತಿಯ ಬರಗಾಲ ಹೋಗಿ ವಿವರಗಳ ಅತಿವೃಷ್ಟಿಯಾಗುತ್ತದೆ. ಒಂದು ವಿವರವನ್ನು ತೆಗೆದುಹಾಕಿದರೆ ಬೇರೊಂದು ವಾಕ್ಯ ಕುಸಿಯುತ್ತದೆಯೇ ಎಂದು ಪರೀಕ್ಷಿಸಬೇಕು. ಕುಸಿಯದಿದ್ದರೆ ಆ ವಿವರ ಅಲಂಕಾರಕ್ಕೆ ಬಂದುದು. ಪೋರುಮಾಮಿಳ್ಳದ ನೂರು ಬಂಡಿಗಳು ಕಟ್ಟುವವರ ಶ್ರಮವನ್ನು ಹೇಳುವ ವಾಕ್ಯದಲ್ಲಿ ಉಳಿಯಬೇಕು; ಲೇಖನವು ನೀರಿನ ಹಂಚಿಕೆಯನ್ನು ಕುರಿತದ್ದಾದರೆ ಬಂಡಿಗಳು ಎಷ್ಟೇ ಸೊಗಸಾಗಿದ್ದರೂ ಹೊರಡಬೇಕು.

ಇಷ್ಟನ್ನೂ ನಡೆಸಿದ ಮೇಲೆ ನಮ್ಮ ಮಾದರಿಯ ಮೊದಲ ಮೂರು ವಾಕ್ಯಗಳು ಏನಾಗಬಹುದೆಂಬುದನ್ನು ನೋಡೋಣ. “ಬಯಲುಸೀಮೆಯ ಕೆರೆಯೆಂದರೆ ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಮಣ್ಣಿನ ಏರಿ. ಅದರ ಬುಡದ ತೂಬನ್ನು ತೆರೆದು ಮುಚ್ಚುವ ಅಧಿಕಾರ ನೀರುಗಂಟಿಯದು; ಅವನ ಕೂಲಿ ಅಚ್ಚುಕಟ್ಟಿನ ರೈತರು ಸುಗ್ಗಿಯಲ್ಲಿ ಕೊಡುತ್ತಿದ್ದ ಧಾನ್ಯ. ಏರಿಯ ಬುಡದಲ್ಲಿ ಜಿನುಗುವ ನೀರು ಬಗ್ಗಡವಾಯಿತೆಂದು ಮೊದಲು ಕಾಣಬೇಕಾದವನೂ ಅವನೇ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆ ರದ್ದುಪಡಿಸಿತು. ಬೆಳೆಯಿಂದ ಆಯ ಪಡೆದು ದಿನವೂ ಏರಿಯ ಮೇಲೆ ನಡೆಯುವವನ ಹೊಣೆ ಅನೇಕ ಊರುಗಳಲ್ಲಿ ಯಾರದೂ ಆಗದೆ ಹೋಯಿತು.” ಲೇಖಕನ ಬಾಲ್ಯ ಇದರಲ್ಲಿಲ್ಲ, ಅಜ್ಜಿಯಿಲ್ಲ, ಕಂಡೆನೆಂಬ ಮಾತಿಲ್ಲ. ನಿರ್ಲಕ್ಷ್ಯವೆಂಬ ಪದವೂ ಇಲ್ಲ. ಆದರೆ ಅದರ ಜಾಗದಲ್ಲಿ ಒಂದು ಹುದ್ದೆ, ಒಂದು ಇಸವಿ, ಒಂದು ತೆರವಾದ ಕೆಲಸ ಬಂದಿವೆ. ವಂಶಪಾರಂಪರ್ಯದ ಪದ್ಧತಿಯನ್ನು ತೆಗೆದುಹಾಕಿದುದು ತಪ್ಪೆಂದು ಈ ವಾಕ್ಯಗಳು ಹೇಳುತ್ತಿಲ್ಲ; ಹೇಳುವುದಾದರೆ ಅದಕ್ಕೆ ಬೇರೆ ಪ್ರಶ್ನೆಗಳೂ ಬೇರೆ ಪ್ರಮಾಣಗಳೂ ಬೇಕು.

ನಾಲ್ಕನೆಯ ವಾಕ್ಯವೊಂದು ಉಳಿದಿದೆ: ರಕ್ಷಿಸುವುದು ನಮ್ಮೆಲ್ಲರ ಕರ್ತವ್ಯ. ಇದರ ಕ್ರಿಯೆಯನ್ನು ಕರ್ತೃ ಯಾರೆಂದು ಕೇಳಿದರೆ “ನಮ್ಮೆಲ್ಲರ” ಎಂಬುದು ಉತ್ತರವಾಗುವುದಿಲ್ಲ, ಏಕೆಂದರೆ ನಾವೆಲ್ಲರೂ ಸೇರಿ ಒಂದು ತೂಬಿನ ಗೂಟವನ್ನು ಎತ್ತಲಾರೆವು. ಇಂದಿನ ಕರ್ನಾಟಕದ ಆಡಳಿತ ವ್ಯವಸ್ಥೆಯಲ್ಲಿ ಅಚ್ಚುಕಟ್ಟು ನಲವತ್ತು ಹೆಕ್ಟೇರಿನವರೆಗೆ ಇರುವ ಕೆರೆಗಳು ಸಾಮಾನ್ಯವಾಗಿ ಪಂಚಾಯಿತಿಗಳ ಪಾಲಿಗೂ ಅದಕ್ಕೆ ಮೇಲ್ಪಟ್ಟವು ಸಣ್ಣ ನೀರಾವರಿ ಇಲಾಖೆಯ ಪಾಲಿಗೂ ಬಂದಿವೆ. ಆದುದರಿಂದ ಕರ್ತವ್ಯದ ಮಾತನ್ನು ಬರೆಯುವ ಮುನ್ನ ಲೇಖಕನು ತಾನು ಹೇಳುತ್ತಿರುವ ಕೆರೆ ಯಾವುದು, ಅದರ ಅಚ್ಚುಕಟ್ಟು ಎಷ್ಟು ಎಂಬುದನ್ನು ದಾಖಲೆಯಲ್ಲಿ ನೋಡಿಕೊಂಡು ಬರಬೇಕಾಗುತ್ತದೆ. ಅದು ಮೂವತ್ತೆಂಟು ಹೆಕ್ಟೇರೆಂದು ತಿಳಿದುಬಂದರೆ ವಾಕ್ಯದ ಕರ್ತೃ ಒಂದು, ನಲವತ್ತೈದೆಂದು ತಿಳಿದುಬಂದರೆ ಇನ್ನೊಂದು.